ತಾಯಿಮರದ ಬುಡದಲ್ಲಿ

ದಟ್ಟ ಕಾಡಿನ ದೊಡ್ಡ ಮರವೊಂದರ ಕೆಳಗೆ ಹಣ್ಣಿನ ಕಾಲ ಮುಗಿದ ಮೇಲೆ ನಿಂತರೆ, ಆ ಮರದ ಮೊಳಕೆಗಳೇ ನೆಲ ತುಂಬಿರುತ್ತವೆ. ಕೆಲವು ತಿಂಗಳು ಬಿಟ್ಟು ಹೋದರೆ ಅವುಗಳಲ್ಲಿ ಬಹುಪಾಲು ಇರುವುದಿಲ್ಲ. ನೆರಳು ಹೆಚ್ಚಾಯಿತು, ಜಾಗ ಸಾಲಲಿಲ್ಲ ಎಂದು ನಾವು ಸುಮ್ಮನಾಗಬಹುದು. ಆದರೆ ಅದೇ ನೆರಳಿನಲ್ಲಿ ಬೇರೆ ಜಾತಿಯ ಸಸಿ ಬದುಕಿರುತ್ತದಲ್ಲ!

1970ರಲ್ಲಿ ಡೇನಿಯಲ್ ಜಾನ್ಸೆನ್, ಮರುವರ್ಷ ಜೋಸೆಫ್ ಕಾನೆಲ್ ಇದಕ್ಕೊಂದು ಕಾರಣ ಸೂಚಿಸಿದರು. ಒಂದು ಜಾತಿಯನ್ನೇ ನೆಚ್ಚಿದ ಹುಳುಗಳೂ ಶಿಲೀಂಧ್ರಗಳೂ ತಾಯಿಮರದ ಸುತ್ತ ನೆಲೆಯೂರಿರುತ್ತವೆ. ಬಲಿತ ಮರ ಅವನ್ನು ತಾಳಿಕೊಳ್ಳುತ್ತದೆ, ಎಳೆಯ ಸಸಿಗೆ ಅದಾಗದು. ತಾಯಿಯಿಂದ ದೂರ ಹೋಗಿ ಬಿದ್ದ ಬೀಜಕ್ಕೆ ಈ ಕಾಟ ಕಡಿಮೆ. ಬುಡದಲ್ಲಿ ತೆರವಾದ ಜಾಗ ಬೇರೆ ಜಾತಿಗೆ ಸಿಗುತ್ತದೆ. ಯಾವ ಮರವೂ ತನ್ನ ಮಕ್ಕಳಿಂದಲೇ ಕಾಡು ತುಂಬಿಸಲಾರದು.

ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ ಕ್ಯಾರಲ್ ಆಗ್ಸ್‌ಪರ್ಗರ್ ಇದನ್ನು ನೆಲದ ಮೇಲೆ ಕೂತು ನೋಡಿದರು. ಅವರು ಗಮನಿಸಿದ ಪ್ಲಾಟಿಪೋಡಿಯಮ್ ಎಂಬ ಮರದ ಬೀಜ ಗಾಳಿಯಲ್ಲಿ ತೇಲಿ ಹೋಗುವಂಥದ್ದು. ಹುಟ್ಟಿದ ಮೊದಲ ತಿಂಗಳುಗಳಲ್ಲೇ ಸಸಿಗಳು ಸಾಯುತ್ತಿದ್ದವು. ಮುಖ್ಯ ಕಾರಣ ನಮ್ಮ ನರ್ಸರಿಯವರಿಗೆ ಚೆನ್ನಾಗಿ ಗೊತ್ತಿರುವ ಸಸಿ ಕೊಳೆ ರೋಗ. ತಾಯಿಯ ಹತ್ತಿರ ಸಾವು ಹೆಚ್ಚು. ಮರ ಬಿದ್ದು ಬಿಸಿಲು ಇಳಿದ ಕಡೆ ಮಾತ್ರ ರೋಗ ಅಷ್ಟಾಗಿ ಇರಲಿಲ್ಲ.

ಇಲ್ಲೊಂದು ತೊಡಕಿದೆ. ತಾಯಿಯ ಹತ್ತಿರ ಸಸಿಗಳು ಒತ್ತೊತ್ತಾಗಿಯೂ ಇರುತ್ತವೆ. ಕೊಂದದ್ದು ತಾಯಿಯ ಸಾಮೀಪ್ಯವೋ, ಒಡಹುಟ್ಟಿದವುಗಳ ಗುಂಪೋ? ಬರಿಯ ಎಣಿಕೆಯಿಂದ ಇದನ್ನು ಬಿಡಿಸುವುದು ಕಷ್ಟ. ಸಸಿ ಸತ್ತ ಮಾತ್ರಕ್ಕೆ ನೂರಾರು ಜಾತಿಗಳು ಉಳಿಯುತ್ತವೆ ಎನ್ನುವಂತೆಯೂ ಇಲ್ಲ. ಕೆಲವೇ ಮಾರು ಆಚೆ ಅದೇ ಜಾತಿ ಮತ್ತೆ ಬೇರೂರಬಹುದು. ಹಾಗಾಗಿ ಶತ್ರುವನ್ನೇ ತೆಗೆದು ನೋಡಬೇಕು.

ಅಂಥ ಪ್ರಯೋಗ ನಮ್ಮ ಪಶ್ಚಿಮಘಟ್ಟದಲ್ಲೇ ನಡೆದಿದೆ. ತುಂಡುತುಂಡಾದ ಕಾಡಿನಲ್ಲಿ ಮೇಘನಾ ಕೃಷ್ಣದಾಸ್ ಮತ್ತು ಜೊತೆಗಾರರು ಅಂಚಿನಿಂದ ಒಳಕ್ಕೆ ಬೇರೆ ಬೇರೆ ದೂರಗಳಲ್ಲಿ ಪುಟ್ಟ ತಾಕುಗಳನ್ನು ಗುರುತಿಸಿದರು. ಕೆಲವಕ್ಕೆ ಶಿಲೀಂಧ್ರನಾಶಕ, ಕೆಲವಕ್ಕೆ ಕೀಟನಾಶಕ ಸಿಂಪಡಿಸಿದರು, ಕೆಲವನ್ನು ಹಾಗೆಯೇ ಬಿಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಅಂಚಿನಿಂದ 90ರಿಂದ 100 ಮೀಟರ್ ದೂರದಲ್ಲಿ ಔಷಧಿ ಸಿಂಪಡಿಸಿದ ತಾಕುಗಳಲ್ಲಿ ಸಸಿಗಳ ಜಾತಿವೈವಿಧ್ಯ ಕುಸಿಯಿತು. ಅಂಚಿಗೆ ಹತ್ತಿರದಲ್ಲಿ ಸಿಂಪಡಿಸಿದರೂ ಬಿಟ್ಟರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಉದುರುವ ಬೀಜಗಳ ವೈವಿಧ್ಯ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅಂಚಿನಲ್ಲಿ ಸಸಿಗಳ ವೈವಿಧ್ಯ ಮಾತ್ರ ಮೊದಲೇ ಕಡಿಮೆ. ಹುಳು, ಶಿಲೀಂಧ್ರಗಳ ಕಾಟವನ್ನು ತಗ್ಗಿಸುವ ಔಷಧಿಯ ಕೆಲಸವನ್ನು ಅಂಚು ಆಗಲೇ ಮಾಡಿ ಮುಗಿಸಿತ್ತು.

ಈ ಅಳತೆಯನ್ನು ಹಿಡಿದು ಯೋಚಿಸಿದರೆ, 150 ಮೀಟರ್ ಅಗಲದ ಕಾಡಿನ ತುಂಡಿನಲ್ಲಿ ಅಂಚಿನಿಂದ 90 ಮೀಟರ್ ದೂರವಿರುವ ಜಾಗ ಒಂದೂ ಇರುವುದಿಲ್ಲ.