ನಲವತ್ಮೂರು ಪೈಸೆ

ಮಾರ್ಚ್ ಕೊನೆಯ ವಾರ ರಾತ್ರಿ ಹತ್ತೂವರೆಗೆ ತಂಗಿಯ ಫೋನು. ತಂಗಿ ಅಂದರೆ ಕಾಕಾನ ಮಗಳು. ಬಿ.ಕಾಂ. ಮುಗಿಸಿ ರಾಣೆಬೆನ್ನೂರಿನ ಆಡಿಟರೊಬ್ಬರ ಹತ್ತಿರ ಅಕೌಂಟಂಟ್ ಆಗಿದ್ದಾಳೆ. ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ವರ್ಷದ ಲೆಕ್ಕ ಮುಚ್ಚುತ್ತಾ ಕೂತಿದ್ದಳು.

"ಅಣ್ಣಾ, ರೌಂಡ್ ಆಫ್ ಖಾತೆಯೊಳಗ 1,187 ರೂಪಾಯಿ ಜಮಾ ಐತಿ. ಯಾಕಂತ ತಿಳೀವಲ್ದು."

ನನಗೆ ನಗು ಬಂತು. ಕೋಟಿಗಟ್ಟಲೆ ವಹಿವಾಟಿನ ಅಂಗಡಿಯಲ್ಲಿ ಇದೆಂಥ ಲೆಕ್ಕ? ಅವಳು ನಗಲಿಲ್ಲ. ವರ್ಷಕ್ಕೆ ಸುಮಾರು 2,400 ಪಟ್ಟಿ, ಅಂದರೆ ರೈತನ ಕೈಗೆ ಕೊಡುವ ಮಾರಾಟದ ಚೀಟಿ. ಪೈಸೆಯನ್ನು ಹತ್ತಿರದ ರೂಪಾಯಿಗೆ ಹೊಂದಿಸಿದರೆ ಕೆಲವು ಸಲ ರೈತನಿಗೆ ಹೆಚ್ಚು, ಕೆಲವು ಸಲ ಅಂಗಡಿಗೆ ಹೆಚ್ಚು ಹೋಗುತ್ತದೆ. ವರ್ಷದ ಕೊನೆಗೆ ಮೂವತ್ತು ನಲವತ್ತು ರೂಪಾಯಿ ಆಚೆ ಈಚೆ ಉಳಿಯಬೇಕು, ಅಷ್ಟೇ. 1,187 ಅಂದರೆ ಪಟ್ಟಿಗೆ ಸರಾಸರಿ ಅರ್ಧ ರೂಪಾಯಿ, ಎಲ್ಲಾ ಒಂದೇ ಕಡೆಗೆ. ಖಾತೆ ತೆರೆದು ನೋಡಿದ್ದಾಳೆ, ಒಂದೂ ಎಂಟ್ರಿ ರೈತನ ಕಡೆಗಿಲ್ಲ. ಯಾರೋ ಪ್ರತಿ ಸಲ ಪೈಸೆ ಕತ್ತರಿಸಿದ್ದಾರೆ.

"ಪಟ್ಟಿ ಎದರಾಗ ಮಾಡ್ತಾರ?" ಅಂದೆ.

"ಎಕ್ಸೆಲ್. ನೀನ ಮಾಡಿಕೊಟ್ಟಿದ್ದಂತಲ್ಲ?"

ಹೌದು, ನಾನೇ. ಹಾವೇರಿಯಲ್ಲಿ ಬಿಇ ಕೊನೆಯ ವರ್ಷ ಓದುವಾಗ, ಅಪ್ಪ ಕಾಯಿ ಹಾಕುತ್ತಿದ್ದ ಅಂಗಡಿ ಅಂತ ಒಂದು ಭಾನುವಾರ ಕೂತು ಮಾಡಿಕೊಟ್ಟಿದ್ದೆ. ಅವಳು ಫೈಲ್ ಕಳಿಸಿದಳು. ಬಿ ಕಾಲಂನಲ್ಲಿ ಕಿಲೋ, ಸಿ ಕಾಲಂನಲ್ಲಿ ಕ್ವಿಂಟಲ್ ದರ:

```
=INT(INT(B2)*C2/100)
```

ROUND ಹಾಕಬೇಕಾದ ಕಡೆ INT ಹಾಕಿದ್ದೆ. ಅದಕ್ಕಿಂತ ಕೆಟ್ಟದ್ದು ಒಳಗಿನ INT. ಅದು ಗ್ರಾಂಗಳನ್ನೂ ಕತ್ತರಿಸುತ್ತದೆ. ಪಟ್ಟಿಯಲ್ಲಿ ಅಂಕಿ ನೀಟಾಗಿ ಕಾಣಲಿ ಅಂತ ಹಾಗೆ ಮಾಡಿದ್ದಿರಬೇಕು. ನಿಜವಾಗಿ ನೆನಪಿಲ್ಲ.

ಒಂದು ಪಟ್ಟಿ ಹಿಡಿದು ನೋಡಿದೆವು. ತೂಕದ ಚೀಟಿಯಲ್ಲಿ 127.6 ಕಿಲೋ, ಟೆಂಡರ್ ದರ ಕ್ವಿಂಟಲ್‌ಗೆ 23,109. ಪಟ್ಟಿಯಲ್ಲಿ 127 ಕಿಲೋ, 29,348 ರೂಪಾಯಿ. ತಂಗಿಯ ಕಣ್ಣಿಗೆ ಬಿದ್ದದ್ದು ಇಲ್ಲಿ ಉಳಿದ ನಲವತ್ಮೂರು ಪೈಸೆ. ಕಣ್ಣಿಗೆ ಬೀಳದ ಆರುನೂರು ಗ್ರಾಂಗೆ 138 ರೂಪಾಯಿ 65 ಪೈಸೆ. ಅದು ಯಾವ ಖಾತೆಯಲ್ಲೂ ಇಲ್ಲ, ಯಾಕಂದರೆ ಖರೀದಿದಾರರ ಬಿಲ್ಲಿಗೂ ಅದೇ ಕತ್ತರಿಸಿದ ತೂಕ ಹೋಗಿದೆ. ಎರಡೂ ಕಡೆ ಒಂದೇ ತಪ್ಪು ಇದ್ದರೆ ಲೆಕ್ಕ ಸರಿಯಾಗೇ ಕೂರುತ್ತದೆ. ವರ್ಷದ ಚೀಟಿಗಳನ್ನೆಲ್ಲ ಕೂಡಿಸಿದರೆ ಸುಮಾರು ಹತ್ತು ಕ್ವಿಂಟಲ್ ಕಾಯಿ ಪುಕ್ಕಟೆ ಹೋಗಿತ್ತು. ಅಂಗಡಿಗೆ ಸಿಕ್ಕಿದ್ದು ಆ 1,187 ಮಾತ್ರ.

ಆಡಿಟರ್ "ಮಟೀರಿಯಲ್ ಅಲ್ಲ ಬಿಡವ್ವಾ" ಅಂದರಂತೆ. ಅವರ ಶಾಸ್ತ್ರದ ಪ್ರಕಾರ ಅದು ತಪ್ಪಲ್ಲ. ಲೆಕ್ಕಪತ್ರ ಓದಿ ನಿರ್ಧಾರ ತೆಗೆದುಕೊಳ್ಳುವವನ ಮನಸ್ಸು ಬದಲಾಗದಷ್ಟು ಸಣ್ಣ ಮೊತ್ತ ಮಟೀರಿಯಲ್ ಅಲ್ಲ. ಆದರೆ ಓದುವವರು ಯಾರು? ಬ್ಯಾಂಕಿನವರು, ತೆರಿಗೆಯವರು. ಕಾಯಿ ತಂದವನು ಬ್ಯಾಲೆನ್ಸ್ ಶೀಟ್ ಓದುವುದಿಲ್ಲ. ಅವನ 138 ರೂಪಾಯಿಯನ್ನು ಕೋಟಿಯ ಪಕ್ಕ ಇಟ್ಟು ಅಳೆದು ಸಣ್ಣದು ಅಂದೆವು. ಅವನ ದಿನದ ಖರ್ಚಿನ ಪಕ್ಕ ಇಟ್ಟು ನೋಡಿದವರಿಲ್ಲ, ನಾನೂ ಸೇರಿ.

ಸಾವ್ಕಾರರ ವಾದ ಬೇರೆ. "ಕಾಯಿ ಒಣಗಿದ್ರ ತೂಕ ಇಳಿತೈತೋ ತಮ್ಮಾ, ಅದಕ್ಕ ಅಷ್ಟು ಬಿಡೋದು." ನಾನು ಒಪ್ಪಲಿಲ್ಲ. ಹಸಿ ಎಷ್ಟಿದೆ ಅಂತ ಮುಟ್ಟಿ ನೋಡಿಯೇ ಟೆಂಡರ್ ಹಾಕುತ್ತಾರೆ. ಆ ಇಳಿಕೆ ದರದಲ್ಲೇ ಬಂದಿರುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ನಿಜ ಹೇಳಿದರು. 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. "ಈಗ ಇದನ್ನ ಹೇಳಿದ್ರ, ಕಂಪ್ಯೂಟರ್ ತಪ್ಪು ಅಂತ ಯಾರ್ ನಂಬ್ತಾರ?" ಅಂದರು. ಆ ಭಯ ಸುಳ್ಳಲ್ಲ. ಆದರೆ ಅದು ಕಂಪ್ಯೂಟರ್ ತಪ್ಪೂ ಅಲ್ಲ.

ಏಪ್ರಿಲ್ 1ರಿಂದ ಹೊಸ ಸೂತ್ರ ಹಾಕಿಕೊಟ್ಟೆ, `=ROUND(B2*C2/100,0)`. ತೂಕದ ಚೀಟಿ ಉಳಿದಿದ್ದದ್ದು ಒಂದೇ ವರ್ಷದ್ದು. ತಂಗಿ ಹಟ ಹಿಡಿದು ಆ ವರ್ಷದ ರೈತರ ಬಾಕಿ ಹೆಸರುವಾರು ಪಟ್ಟಿ ಮಾಡಿದ್ದಾಳೆ. ಸಾವ್ಕಾರರು ಮುಂದಿನ ಸುಗ್ಗಿಗೆ ಕಾಯಿ ತಂದವರಿಗೆ ಸೇರಿಸಿ ಕೊಡುತ್ತೇನೆ ಅಂದಿದ್ದಾರೆ. ಬರದವರದ್ದು ಏನು ಅಂತ ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಅರ್ಧ ನಾನು ಕೊಡುತ್ತೇನೆ ಅಂದೆ, ಅದಕ್ಕೂ ಉತ್ತರ ಬಂದಿಲ್ಲ. ಅದಕ್ಕೂ ಹಿಂದಿನ ವರ್ಷಗಳದ್ದನ್ನು ಲೆಕ್ಕ ಹಾಕಲು ದಾರಿಯೇ ಇಲ್ಲ.

ಊರಿಗೆ ಹೋದಾಗ ಅಪ್ಪ ತಂತಿಗೆ ಚುಚ್ಚಿಟ್ಟ ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆ. ಕೈಬರಹದವುಗಳಲ್ಲಿ ತೂಕ 94-500, 112-300 ಅಂತೆಲ್ಲ ಇದೆ. ಪ್ರಿಂಟ್ ಆದ ಮೊದಲ ಪಟ್ಟಿಯಿಂದ ಮುಂದಕ್ಕೆ ಒಂದರಲ್ಲೂ ಗ್ರಾಂ ಇಲ್ಲ.