ವಿನಯವೂ ಶ್ರವಣವೂ

ಕಳೆದ ಶ್ರಾವಣಮಾಸದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮ ಮನೆಗೆ ಬಂದಿದ್ದನು. ಸಿದ್ಧ ಉಡುಪುಗಳ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ದುಡಿದ ಅವನಿಗೆ ಆಗತಾನೆ ಒಂದು ಲೈನಿನ ಮೇಲ್ವಿಚಾರಕನಾಗಿ ಬಡ್ತಿಯಾಗಿತ್ತು. ಅವನ ಕೈಕೆಳಗೆ ಮೂವತ್ತೆರಡು ಮಂದಿ. ಅವರಲ್ಲಿ ಬಹುಮಂದಿ ಹೆಂಗಸರು. ಕೆಲವರು ಅವನಿಗಿಂತ ವಯಸ್ಸಿನಲ್ಲಿಯೂ ಕೆಲಸದ ಅನುಭವದಲ್ಲಿಯೂ ಹಿರಿಯರು. “ಮೇಷ್ಟ್ರೇ, ವಿನಯದ ಮೇಲೆ, ಇನ್ನೊಬ್ಬರ ಮಾತು ಕೇಳುವುದರ ಮೇಲೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ. ನನ್ನ ಮೇಜಿನ ಎದುರಿಗೆ ಅಂಟಿಸಿಕೊಳ್ಳುತ್ತೇನೆ” ಎಂದನು.

ನಾನು ಸಂತೋಷದಿಂದ ಕಾಗದ ತೆಗೆದುಕೊಂಡು, ನಮ್ಮ ಜನರ ಬಾಯಲ್ಲಿರುವ ಗಾದೆಗಳನ್ನೇ ಬರೆದೆನು. ‘ತುಂಬಿದ ಕೊಡ ತುಳುಕುವುದಿಲ್ಲ.’ ‘ಆಳಾಗಬಲ್ಲವನು ಅರಸಾಗಬಲ್ಲನು.’ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.’ ಅವನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತಲೂ ನಮ್ಮ ಹಿರಿಯರೇ ಹೇಳಿದ್ದಾರಲ್ಲ, ಮೇಷ್ಟ್ರೇ? ನಾನು ಎಲ್ಲರ ಮಾತೂ ಕೇಳುತ್ತಾ ಕುಳಿತರೆ ನನ್ನ ಮಾತು ಯಾರು ಕೇಳುತ್ತಾರೆ?” ಎಂದು ಕೇಳಿದನು. ಆ ದಿನ ನನಗೆ ತೃಪ್ತಿಕರವಾದ ಉತ್ತರ ತೋರಲಿಲ್ಲ. ಮೂವತ್ತು ವರ್ಷ ಹುಡುಗರಿಗೆ ವಿನಯವನ್ನು ಬೋಧಿಸಿದವನು ಈ ಪ್ರಶ್ನೆಯನ್ನು ಎಂದೂ ಕೇಳಿಕೊಂಡಿರಲಿಲ್ಲವೆಂಬುದು ನನಗೇ ನಾಚಿಕೆಯನ್ನುಂಟುಮಾಡಿತು. ಈ ಬರಹವು ಅವನಿಗೆ ತಡವಾಗಿ ಕೊಡುವ ಉತ್ತರ.

ಮೊದಲು ಶಬ್ದವನ್ನು ವಿಚಾರಿಸೋಣ. ವಿನಯವೆಂದರೆ ತಲೆಬಾಗುವುದು, ಮೆಲ್ಲಗೆ ಮಾತನಾಡುವುದು, ಕೈಮುಗಿಯುವುದು ಎಂದು ನಾವು ಸಾಮಾನ್ಯವಾಗಿ ತಿಳಿದಿರುವೆವು. ಆದರೆ ಆ ಶಬ್ದವು ‘ನಡೆಸು’ ಎಂಬ ಅರ್ಥದ ‘ನೀ’ ಧಾತುವಿನಿಂದ ಹುಟ್ಟಿದುದು. ಪಳಗಿಸುವುದು, ಶಿಕ್ಷಣ, ನಿಯಮ ಎಂಬಿವು ಅದರ ಹಳೆಯ ಅರ್ಥಗಳು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಪಂಡಿತ ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮೊದಲನೆಯ ಅಧಿಕರಣಕ್ಕೆ ವಿನಯಾಧಿಕಾರಿಕವೆಂದೇ ಹೆಸರು. ಅಲ್ಲಿ ರಾಜನು ಬಗ್ಗಬೇಕೆಂಬ ಮಾತಿಲ್ಲ. ಅವನು ಇಂದ್ರಿಯಗಳನ್ನು ಗೆದ್ದಿರಬೇಕು, ಹಿರಿಯರೊಡನೆ ಕುಳಿತು ಕಲಿಯುತ್ತಿರಬೇಕು ಎಂಬ ಮಾತಿದೆ. ಇನ್ನೊಬ್ಬರನ್ನು ನಡೆಸತಕ್ಕವನು ಮೊದಲು ತನ್ನನ್ನು ಪಳಗಿಸಿಕೊಂಡಿರಬೇಕೆಂಬುದೇ ತಾತ್ಪರ್ಯ. ಹೀಗೆ ನೋಡಿದರೆ ಗುದ್ದು ಬೀಳುವುದು ಭಯದಿಂದ ಬಗ್ಗಿದ ಬೆನ್ನಿಗೇ ಹೊರತು ವಿನಯಕ್ಕಲ್ಲ.

ಆದರೆ ಒಳ್ಳೆಯ ಮಾತುಗಳನ್ನು ಬಲ್ಲವರೆಲ್ಲರೂ ಇನ್ನೊಬ್ಬರ ಮಾತನ್ನು ಕೇಳಬಲ್ಲರೇ? ವಾಲ್ಮೀಕಿಯ ಯುದ್ಧಕಾಂಡದಲ್ಲಿ ಇದಕ್ಕೆ ಉತ್ತರವಿದೆ. ಹನುಮಂತನು ಲಂಕೆಯನ್ನು ಸುಟ್ಟು ಹೋದ ಮೇಲೆ ರಾವಣನು ಸಭೆ ಕರೆಯುತ್ತಾನೆ. ಅವನು ಆಡುವ ಮೊದಲ ಮಾತುಗಳನ್ನು ಓದಿದರೆ ಆಶ್ಚರ್ಯವಾಗುತ್ತದೆ. ಮಂತ್ರಾಲೋಚನೆಯಲ್ಲಿ ಉತ್ತಮ, ಮಧ್ಯಮ, ಅಧಮವೆಂಬ ಮೂರು ಬಗೆಗಳುಂಟೆಂದೂ, ಅನೇಕ ಅಭಿಪ್ರಾಯಗಳು ಹುಟ್ಟಿ ಕೊನೆಗೆ ಒಂದಾದರೆ ಅದು ಮಧ್ಯಮವೆಂದೂ, ಒಬ್ಬೊಬ್ಬನು ತನ್ನ ಹಟವನ್ನೇ ಹಿಡಿದರೆ ಅದು ಅಧಮವೆಂದೂ ಅವನು ವಿವರಿಸುತ್ತಾನೆ. ನಮ್ಮ ಹುಡುಗನು ಮೇಜಿನೆದುರಿಗೆ ಅಂಟಿಸಬೇಕೆಂದಿದ್ದ ಸುಭಾಷಿತವು ರಾವಣನಿಗೆ ಕಂಠಪಾಠವಾಗಿಯೇ ಇತ್ತು! ಬಳಿಕ ನಡೆದುದೇನು? ಪ್ರಹಸ್ತ ಮೊದಲಾದವರು ಒಬ್ಬರಾದ ಮೇಲೊಬ್ಬರು ಎದ್ದು ‘ನಾನೊಬ್ಬನೇ ಸಾಕು’ ಎಂದರು. ಅದು ಅವನ ಕಿವಿಗೆ ಹಿತವಾಯಿತು. ವಿಭೀಷಣನು ಬೇರೆ ಮಾತನ್ನಾಡಿದನು. ಅವನಿಗೆ ನಿಂದೆಯೇ ಪ್ರತಿಫಲವಾಯಿತು. ರಾವಣನು ಪ್ರಶ್ನೆಯನ್ನು ಕೇಳಿದನು, ಉತ್ತರವನ್ನು ಕೇಳಲಿಲ್ಲ.

ಅದೇ ವಿಭೀಷಣನು ನಾಲ್ವರೊಡನೆ ಸಮುದ್ರದ ಈಚೆಯ ದಡಕ್ಕೆ ಬಂದಾಗ ಇನ್ನೊಂದು ಸಭೆ ಸೇರುತ್ತದೆ. ಸುಗ್ರೀವನು, ಇವನು ಶತ್ರುವಿನ ಕಡೆಯವನು, ಕೊಲ್ಲಬೇಕು ಎಂದು ಮೊದಲೇ ಹೇಳಿಬಿಡುತ್ತಾನೆ. ರಾಮನು ಅದನ್ನು ಒಪ್ಪಲಿಲ್ಲ, ಖಂಡಿಸಲೂ ಇಲ್ಲ. ಉಳಿದವರ ಅಭಿಪ್ರಾಯವೇನೆಂದು ವಿಚಾರಿಸಿದನು. ಅಂಗದನು ಪರೀಕ್ಷಿಸಬೇಕೆಂದನು, ಶರಭನು ಗೂಢಚಾರನನ್ನು ಬಿಡಬೇಕೆಂದನು, ಜಾಂಬವಂತನು ಬಂದ ಕಾಲವೂ ಸ್ಥಳವೂ ಶಂಕಾಸ್ಪದವೆಂದನು, ಮೈಂದನು ಮೆಲ್ಲಗೆ ಪ್ರಶ್ನಿಸಿ ನೋಡೋಣವೆಂದನು, ಹನುಮಂತನು ಆ ಸಲಹೆಗಳಲ್ಲಿರುವ ತೊಡಕುಗಳನ್ನು ತೋರಿಸಿ, ಬಂದವನ ಮಾತಿನಲ್ಲಿಯೂ ಮುಖದಲ್ಲಿಯೂ ಕೇಡು ಕಾಣುವುದಿಲ್ಲವೆಂದನು. ರಾಮನ ಮನಸ್ಸಿನಲ್ಲಿ ನಿಶ್ಚಯವು ಮೊದಲೇ ಇದ್ದಿರಬಹುದು. ಆದರೂ ಅವನ ಮಾತು ಬಂದುದು ಎಲ್ಲರ ಮಾತೂ ಮುಗಿದ ಮೇಲೆ. ಸುಗ್ರೀವನು ಪುನಃ ಆಕ್ಷೇಪಿಸಿದನು. ರಾಮನು ಪುನಃ ಸಮಾಧಾನ ಹೇಳಿದನು. ಕಡೆಗೆ, ಶರಣು ಬಂದವನಿಗೆ ಅಭಯವೆಂದು ನಿರ್ಣಯಿಸಿ, ಆಕ್ಷೇಪಿಸಿದ ಆ ಸುಗ್ರೀವನನ್ನೇ ‘ಕರೆದುಕೊಂಡು ಬಾ’ ಎಂದು ಕಳುಹಿಸಿದನು.

ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಹೆಚ್ಚು ಮಂದಿ ಹೇಳಿದುದನ್ನು ರಾಮನು ಒಪ್ಪಲಿಲ್ಲ. ಕೇಳುವುದೆಂದರೆ ಒಪ್ಪುವುದಲ್ಲ. ಆದರೂ ಯಾರೊಬ್ಬರಿಗೂ ಅವಮಾನವಾಗಲಿಲ್ಲ. ಅವನ ಅಧಿಕಾರಕ್ಕೆ ಕುಂದೂ ಬರಲಿಲ್ಲ. ತನ್ನ ಆಕ್ಷೇಪಣೆಗೆ ಕಾರಣಸಹಿತವಾದ ಉತ್ತರ ದೊರೆತವನು ಸೋತೆನೆಂದು ಮುಖ ತಿರುಗಿಸುವುದಿಲ್ಲ.

ಇದಕ್ಕೆ ಎದುರಾದ ದೋಷವೂ ಒಂದಿದೆ. ಮಹಾಭಾರತದ ಉದ್ಯೋಗಪರ್ವದಲ್ಲಿ ನಿದ್ರೆ ಬಾರದ ಧೃತರಾಷ್ಟ್ರನು ವಿದುರನನ್ನು ಕರೆಸಿ ರಾತ್ರಿಯೆಲ್ಲ ನೀತಿಯನ್ನು ಕೇಳುತ್ತಾನೆ. ಅವನಷ್ಟು ತಾಳ್ಮೆಯಿಂದ ಕೇಳಿದ ದೊರೆ ಇನ್ನೊಬ್ಬನಿಲ್ಲವೇನೋ. ನೀನು ಹೇಳುವುದೆಲ್ಲ ಸರಿಯೆಂದು ಒಪ್ಪಿಯೂ ಒಪ್ಪುತ್ತಾನೆ. ಆದರೆ ಮಗನ ಮುಖ ಕಂಡೊಡನೆ ಮನಸ್ಸು ತಿರುಗುತ್ತದೆ. ಕೇಳಿದುದು ಕೆಲಸಕ್ಕೆ ಬಾರದೆ ಹೋದರೆ ಅದು ಹೇಳಿದವನಿಗೆ ಮಾಡಿದ ವಂಚನೆ. ವೇದಾಂತಿಗಳು ಶ್ರವಣದ ಮುಂದೆ ಮನನವನ್ನೂ ನಿದಿಧ್ಯಾಸನವನ್ನೂ ಇಟ್ಟಿರುವರು. ಲೌಕಿಕದಲ್ಲಿ ಆ ಮೂರರ ಮುಂದೆ ನಿರ್ಣಯವೆಂಬ ನಾಲ್ಕನೆಯದೊಂದು ಬೇಕು.

ನಮ್ಮ ವಿದ್ಯಾರ್ಥಿಯ ಕಥೆಗೆ ಬರುತ್ತೇನೆ. ದೀಪಾವಳಿಗೆ ಅವನು ಮತ್ತೆ ಬಂದನು. ಆ ನಡುವೆ ಅವನ ಲೈನಿನಲ್ಲಿ ಒಂದು ತೊಂದರೆ ಹುಟ್ಟಿತ್ತು. ಅಂಗಿಗೆ ತೋಳು ಕೂಡಿಸುವಲ್ಲಿ ಸುಕ್ಕು ಬಿದ್ದು, ತಪಾಸಣೆಯವರು ದಿನವೂ ಒಂದಷ್ಟು ಅಂಗಿಗಳನ್ನು ಹಿಂದಿರುಗಿಸುತ್ತಿದ್ದರು. ಇವನು ಹೊಲಿಗೆಯ ಯಂತ್ರವನ್ನು ಸರಿಪಡಿಸಿಸಿದನು, ಸೂಜಿ ಬದಲಾಯಿಸಿಸಿದನು, ಕೊನೆಗೆ ತೋಳು ಹೊಲಿಯುತ್ತಿದ್ದ ಹೆಂಗಸನ್ನು ಎಲ್ಲರೆದುರಿಗೆ ಗದರಿದನು. ಸುಕ್ಕು ಹೋಗಲಿಲ್ಲ. ನಾಲ್ಕನೆಯ ದಿನ, ಗೋಡೆಯ ಮೇಲಿನ ಗಾದೆ ಕಣ್ಣಿಗೆ ಬಿದ್ದಿತೋ ಏನೋ, ಊಟದ ಬಿಡುವಿನಲ್ಲಿ ಅವಳ ಪಕ್ಕದಲ್ಲಿ ಕುಳಿತು, “ಅಕ್ಕಾ, ಇದು ಯಾಕೆ ಹೀಗಾಗುತ್ತೆ? ನಿಮಗೇನು ಅನ್ನಿಸುತ್ತೆ?” ಎಂದು ಕೇಳಿದನು.

“ಎಲ್ಲಾ ತೋಳಿನಲ್ಲೂ ಆಗಲ್ಲ ಸಾರ್. ದೊಡ್ಡ ನಂಬರಿನವು ಬಂದಾಗ ಮಾತ್ರ” ಎಂದಳು ಆಕೆ.

ಕಾರ್ಖಾನೆಯಲ್ಲಿ ಬಟ್ಟೆಯನ್ನು ಉದ್ದವಾದ ಮೇಜಿನ ಮೇಲೆ ಪದರ ಪದರವಾಗಿ ಹಾಸಿ, ಯಂತ್ರದ ಕತ್ತಿಯಿಂದ ಎಲ್ಲ ಪದರಗಳನ್ನೂ ಒಟ್ಟಿಗೆ ಕತ್ತರಿಸುವರು. ಯಾವ ತುಂಡು ಎಷ್ಟನೆಯ ಪದರದ್ದೆಂದು ಮೇಲಿನಿಂದ ಎಣಿಸಿ ಚೀಟಿ ಅಂಟಿಸುವರು. ಅಲ್ಲಿ ಎಂಬತ್ತು ಪದರಗಳಿದ್ದುವು. ಕತ್ತಿಯು ನೆಟ್ಟಗೆ ನಿಲ್ಲದೆ ಕೊಂಚ ವಾಲಿದರೆ ಮೇಲಿನ ತುಂಡು ಅಳತೆಗೆ ಸರಿಯಾಗಿದ್ದರೂ ಕೆಳಗಿನ ತುಂಡು ಹಿಗ್ಗಿಯೋ ಕುಗ್ಗಿಯೋ ಹೋಗುತ್ತದೆ. ತೋಳಿನ ಸುತ್ತಳತೆಯು ಅಂಗಿಯ ಕಂಕುಳ ಸುತ್ತಿಗಿಂತ ಮಿತಿಮೀರಿ ಹೆಚ್ಚಿದರೆ ಎಂತಹ ಕೈಯವಳಾದರೂ ಆ ಹೆಚ್ಚಳವನ್ನು ಸುಕ್ಕಿನಲ್ಲಿಯೇ ಅಡಗಿಸಬೇಕು. ಇವನು ಹಿಂದಿರುಗಿದ ಅಂಗಿಗಳ ಚೀಟಿಗಳನ್ನು ನೋಡಿದನು. ಹೆಚ್ಚುಕಡಮೆ ಎಲ್ಲವೂ ಅರವತ್ತಕ್ಕೆ ಮೇಲಿನ ಸಂಖ್ಯೆಗಳು. ಒಂದನೆಯ ತೋಳನ್ನು ಎಂಬತ್ತನೆಯ ತೋಳಿನ ಮೇಲಿಟ್ಟು ನೋಡಿದನು. ಕೆಳಗಿನದು ಅಂಚಿನಲ್ಲಿ ಗೆರೆಯಷ್ಟು ಹೊರಗೆ ಇಣಿಕುತ್ತಿತ್ತು. ಕತ್ತರಿಸುವ ವಿಭಾಗದವರು ಅದನ್ನು ಕಂಡು, ಪದರಗಳನ್ನು ಕಡಮೆ ಮಾಡಿ, ಹಾಸನ್ನು ಬಿಗಿಯಾಗಿ ಹಿಡಿಸಿ ಕತ್ತರಿಸಿದ ಮೇಲೆ ತೊಂದರೆ ನಿಂತಿತು.

“ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ, ಮೇಷ್ಟ್ರೇ. ‘ನೀವು ಕೇಳಲಿಲ್ಲವಲ್ಲ ಸಾರ್’ ಅಂದುಬಿಟ್ಟರು” ಎಂದನು.

ಆ ಉತ್ತರದಲ್ಲಿ ಅಡಗಿರುವುದನ್ನು ಯೋಚಿಸಬೇಕು. ಕೆಲಸದ ನಿಜವು ಬೆರಳ ತುದಿಯಲ್ಲಿರುತ್ತದೆ. ಅಧಿಕಾರವು ಮೇಜಿನ ಬಳಿ ಇರುತ್ತದೆ. ಬಡ್ತಿಯಾದ ದಿನವೇ ಮನುಷ್ಯನು ಬೆರಳಿನಿಂದ ದೂರವಾಗಲಾರಂಭಿಸುತ್ತಾನೆ. ನಿನ್ನೆಯವರೆಗೆ ಅವನ ಕಿವಿಗೆ ತಾನಾಗಿ ಬೀಳುತ್ತಿದ್ದ ಮಾತು ಇಂದಿನಿಂದ ಅವನು ಬಂದೊಡನೆ ನಿಂತುಹೋಗುತ್ತದೆ. ಆದುದರಿಂದ ಅವನು ಕಾದು ಕುಳಿತರೆ ಸಾಲದು, ಎದ್ದು ಹೋಗಿ ಕೇಳಬೇಕು. ಕಾರ್ಯಾರ್ಥಿಗಳನ್ನು ಬಾಗಿಲಲ್ಲಿ ಕಾಯಿಸುವ ರಾಜನ ಕೆಲಸಗಳನ್ನು ಅವನ ಹತ್ತಿರವಿರುವವರು ತಲೆಕೆಳಗು ಮಾಡಿಸುವರೆಂದು ಕೌಟಿಲ್ಯನು ಎಚ್ಚರಿಸಿರುವನು. ಯಾರನ್ನೂ ಅವಗಣಿಸಬಾರದು, ಅರ್ಥವುಳ್ಳ ಮಾತಾದರೆ ಬಾಲಕನದಾದರೂ ಗ್ರಾಹ್ಯವೆಂಬುದೂ ಅವನದೇ ಅಭಿಪ್ರಾಯ. ವಿನಯವನ್ನು ಹೊಗಳಲು ಅವನು ಹೀಗೆ ಹೇಳಿದವನಲ್ಲ. ರಾಜ್ಯ ಉಳಿಯಬೇಕೆಂದು ಹೇಳಿದವನು.

ಇದಕ್ಕೂ ಮಿತಿಯುಂಟು. ಬೆಂಕಿ ಬಿದ್ದಾಗ ಸಭೆ ಕೂಡಿಸುವವನು ವಿನಯಿಯಲ್ಲ, ಅವಿವೇಕಿ. ಹೇಳುವವರ ಮಾತೆಲ್ಲ ಸತ್ಯವೂ ಅಲ್ಲ; ಅದರಲ್ಲಿ ಸೋಮಾರಿತನವೂ ಅಸೂಯೆಯೂ ಬೆರೆತಿರಬಹುದು. ಅದಕ್ಕೆಂದೇ ‘ಪ್ರಮಾಣಿಸಿ ನೋಡು’ ಎಂಬ ಗಾದೆ. ಆ ಹೆಂಗಸಿನ ಮಾತನ್ನು ಇವನು ನಂಬಿ ಸುಮ್ಮನಾಗಲಿಲ್ಲ. ಚೀಟಿಗಳನ್ನು ನೋಡಿದನು, ತೋಳಿನ ಮೇಲೆ ತೋಳನ್ನಿಟ್ಟು ನೋಡಿದನು. ಕೇಳಿದ ಮಾತನ್ನು ಪರೀಕ್ಷಿಸುವುದು ಹೇಳಿದವರಿಗೆ ಅವಮಾನವಲ್ಲ. ಪರೀಕ್ಷಿಸದೆ ತಳ್ಳಿಹಾಕುವುದು ಅವಮಾನ.

“ಕತ್ತರಿಸುವ ವಿಭಾಗದವರಿಗೆ ಈ ದೋಷವನ್ನು ಕಂಡುಹಿಡಿದವರು ಯಾರೆಂದು ಹೇಳಿದೆ?” ಎಂದು ಕೇಳಿದೆನು. ಅವನು ತಲೆ ತಗ್ಗಿಸಿದನು. ತಾನೇ ಎಂದು ಹೇಳಿಕೊಂಡಿರಲಿಲ್ಲ. ಆದರೆ ಆಕೆಯ ಹೆಸರನ್ನೂ ಹೇಳಿರಲಿಲ್ಲ. ಎಲ್ಲರೆದುರಿಗೆ ಗದರಿದುದಕ್ಕೆ ಎಲ್ಲರೆದುರಿಗೆ ತಪ್ಪೊಪ್ಪಿಕೊಂಡೂ ಇರಲಿಲ್ಲ. “ಹಾಗೆ ಮಾಡಿದರೆ ಗುದ್ದು ಬೀಳುತ್ತೆ ಅಂತ ಭಯ, ಮೇಷ್ಟ್ರೇ” ಎಂದನು. “ಬೀಳಲಿ, ಅಪ್ಪಾ. ಅದು ನಿನಗೆ ಸಲ್ಲಬೇಕಾದ ಗುದ್ದು” ಎಂದೆನು.

ಅವನು ಹೊರಡುವಾಗ ಹಳೆಯ ಕಾಗದವನ್ನು ತೆಗೆದು ಕೊಟ್ಟು, ಏನಾದರೂ ತಿದ್ದಬೇಕೆ ಎಂದು ಕೇಳಿದನು. ನಾನು ‘ತುಂಬಿದ ಕೊಡ’ವನ್ನು ಹೊಡೆದುಹಾಕಿದೆನು. ತುಂಬಿದ ಕೊಡ ತುಳುಕುವುದಿಲ್ಲವೆಂಬುದು ನಿಜವೇ. ಆದರೆ ಅದಕ್ಕೆ ಮತ್ತೆ ನೀರೂ ಹಿಡಿಯುವುದಿಲ್ಲ. ಅದರ ಸ್ಥಳದಲ್ಲಿ ‘ಹಿತ್ತಲ ಗಿಡ ಮದ್ದಲ್ಲ’ ಎಂದು ಬರೆದು, ಕೊನೆಯಲ್ಲಿ ಒಂದು ಪ್ರಶ್ನೆಯ ಚಿಹ್ನೆಯನ್ನು ಹಾಕಿಕೊಟ್ಟೆನು. ಮೊನ್ನೆ ಅವನಿಂದ ಕಾಗದ ಬಂದಿದೆ. ಆಕೆಯ ಕ್ಷಮೆಯನ್ನು ಎಲ್ಲರೆದುರಿಗೆ ಕೇಳಿದನಂತೆ. ಗುದ್ದು ಬಿದ್ದಿತೋ ಇಲ್ಲವೋ ಅವನು ಬರೆದಿಲ್ಲ. ಆ ಸಂಜೆ ಇನ್ನಿಬ್ಬರು ತಾವಾಗಿ ಅವನ ಮೇಜಿನ ಬಳಿಗೆ ಬಂದು ಬೇರೆ ಎರಡು ದೋಷಗಳನ್ನು ಹೇಳಿದರೆಂದು ಮಾತ್ರ ಬರೆದಿರುವನು.