ಕನಸಿನ ಕಾಲುಸಂಕ

ಪ್ರಶ್ನೆ: ನನಗೆ ಬರುವ ಆಷಾಢಕ್ಕೆ 59 ತುಂಬುತ್ತದೆ. ಮೂಲಮನೆ ಬೆಳ್ತಂಗಡಿ ಕಡೆಯ ಹಳ್ಳಿ. ಒಂದು ತಿಂಗಳಿಂದ ಒಂದೇ ಕನಸು: ಮನೆಯೆದುರಿನ ತೋಡಿಗೆ ಹಾಕಿದ ಅಡಿಕೆಮರದ ಕಾಲುಸಂಕ, ಕೆಳಗೆ ಮಳೆಗಾಲದ ಕೆಂಪು ನೀರು, ಆಚೆ ದಡದಲ್ಲಿ ತೀರಿಹೋದ ತಂದೆಯವರು ಕರೆಯುತ್ತಾರೆ. ನಡುವಿಗೆ ಬಂದಾಗ ಎಚ್ಚರವಾಗುತ್ತದೆ. ಇದು ಮೃತ್ಯುಸೂಚನೆ, ದೊಡ್ಡ ಹೋಮ, ವೈತರಣೀ ಗೋದಾನ ಆಗಲೇಬೇಕು ಅಂತ ಒಬ್ಬರು ಹೇಳಿದ್ದಾರೆ. ಮನೆಯವಳಿಗೆ ಊಟ ಸೇರುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ಮೊದಲು ಮನೆಯವರಿಗೆ ಧೈರ್ಯ ಹೇಳಿ. ಚರಕಸಂಹಿತೆ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು – ಈ ಐದಕ್ಕೆ ಫಲವಿಲ್ಲ. ಚಿಕ್ಕಂದಿನಲ್ಲಿ ತಂದೆಯ ಕೈ ಹಿಡಿದು ನೀವು ದಾಟಿದ ಸಂಕವೇ ಈಗ ಕಾಣುತ್ತಿದ್ದರೆ ಅದು ಅನುಭವಿಸಿದ ಕನಸು. ಫಲವಿದೆ ಎಂದೇ ಇಟ್ಟುಕೊಂಡರೂ, ಕಲಕಿದ ನೀರಿನ ನದಿಯನ್ನು ದಾಟುವ ಕನಸು ಕಲ್ಯಾಣಕ್ಕೆ, ರೋಗ ನಿವಾರಣೆಗೆ ಸೂಚನೆ ಎನ್ನುತ್ತದೆ ಸುಶ್ರುತಸಂಹಿತೆ. ನೀರಿನ ಕೆಂಪು ಬಣ್ಣಕ್ಕೆ ಹೆದರಬೇಕಾಗಿಲ್ಲ.

ಹಾಗಾದರೆ ಈ ಕನಸು ಈಗಲೇ ಯಾಕೆ ಬಂತು? ನಿಮ್ಮ ವಯಸ್ಸನ್ನು ನೋಡಿ. 59 ತುಂಬಿ 60ಕ್ಕೆ ಕಾಲಿಡುವುದನ್ನು ನಮ್ಮವರು ಒಂದು ಸಂಧಿಕಾಲವೆಂದೇ ಎಣಿಸಿ, ಆಗ ಉಗ್ರರಥ ಶಾಂತಿಯನ್ನು ಇಟ್ಟಿದ್ದಾರೆ. 60 ತುಂಬಿದ ಮೇಲಿನ ಷಷ್ಟ್ಯಬ್ದಿ ಬೇರೆ. ದುಡಿಮೆಯ ದಡ ಬಿಟ್ಟಾಗಿದೆ, ಹಿರಿತನದ ದಡ ಇನ್ನೂ ಸಿಕ್ಕಿಲ್ಲ. ಮನಸ್ಸು ನಡುಸಂಕದಲ್ಲಿ ನಿಂತಿದೆ. ಆಚೆ ಇರುವವರು ಆ ದಾರಿಯನ್ನು ಮೊದಲು ನಡೆದ ನಿಮ್ಮ ತಂದೆ. ಅವರು ಕರೆಯುವುದು ಸಾವಿಗೇ ಎಂದು ಯಾಕೆ ತಿಳಿಯಬೇಕು? ಅವರು ನಿಂತಿದ್ದ ಹಿರಿಯನ ಜಾಗಕ್ಕೂ ಇರಬಹುದಲ್ಲ?

ಆದ್ದರಿಂದ ಜನ್ಮನಕ್ಷತ್ರದ ದಿನ ಉಗ್ರರಥ ಶಾಂತಿ ಮಾಡಿಸಿ. ಮಾಡಿಸುವುದು ವಯಸ್ಸಿನ ಕಾರಣಕ್ಕೆ, ಕನಸಿನ ಭಯಕ್ಕಲ್ಲ. ಮನೆಯ ಪುರೋಹಿತರಿಂದ, ನಿಮ್ಮ ಶಕ್ತಿಗೆ ತಕ್ಕಷ್ಟೇ ಆದರೆ ಸಾಕು. ಸಾಲ ಮಾಡಬೇಡಿ. ವೈತರಣೀ ಗೋದಾನ ಯಮಮಾರ್ಗದ ನದಿಯನ್ನು ನೆನೆದು ಕೊಡುವ ದಾನ, ಕನಸಿಗೆ ಪರಿಹಾರವಲ್ಲ.

ಒಂದು ವಿಷಯ ನೀವೇ ಕೇಳಿಕೊಳ್ಳಿ: ಪೇಟೆಗೆ ಬಂದ ಮೇಲೆ ತಂದೆಯವರ ಶ್ರಾದ್ಧ ತಪ್ಪಿದೆಯೇ? ತಪ್ಪಿದ್ದರೆ ಅಮಾವಾಸ್ಯೆಯಂದು ತಿಲತರ್ಪಣ ಕೊಡಿ, ಮಹಾಲಯ ಪಕ್ಷದಲ್ಲಿ ಶ್ರಾದ್ಧ ಮಾಡಿ. ಮುಂದೆ ಇಂಗ್ಲಿಷ್ ತಾರೀಕು ಬಿಟ್ಟು ತಿಥಿ ಹಿಡಿಯಿರಿ. ಆಗುವುದಾದರೆ ಮೂಲಮನೆಯಲ್ಲೇ ಮಾಡಿ, ಮಕ್ಕಳನ್ನೂ ಕರೆದೊಯ್ಯಿರಿ.

ಬೆಳಿಗ್ಗೆ ಎದ್ದು, ಶುದ್ಧರಾಗಿ ಭಾಗವತದ ಗಜೇಂದ್ರಮೋಕ್ಷ ಓದಿ. ದುಃಸ್ವಪ್ನ ಶಮನಕ್ಕೆ ಅದನ್ನು ಓದಬೇಕೆಂದು ಭಾಗವತವೇ ಹೇಳಿದೆ. ಕನಸನ್ನು ಕಂಡಕಂಡವರಿಗೆ ಹೇಳುತ್ತಾ ಹೋಗಬೇಡಿ. ಎಚ್ಚರವಾದಾಗ ಎದೆ ಹಿಡಿದಂತಾಗುವುದು, ಉಸಿರು ಕಟ್ಟುವುದು ಇದ್ದರೆ ಮಾತ್ರ ಶಾಂತಿಯ ದಿನಕ್ಕೆ ಕಾಯದೆ ವೈದ್ಯರಿಗೆ ತೋರಿಸಿ. ದೋಷದಿಂದ ಬರುವ ಕನಸನ್ನೂ ಚರಕ ಆ ಏಳರಲ್ಲೇ ಎಣಿಸಿದ್ದಾನೆ.